ಹೊಸ ಉಪ್ಪಿನಕಾಯಿಯ ಸುದ್ದಿ ಎಲ್ಲ ಗ್ರಾಹಕರಿಗೂ ತಲುಪಲು

ಶಿರಸಿ, ಸಿದ್ದಾಪುರದ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಅಕ್ಕಂದಿರೇ, ಹೊಸ ಭರಣಿ ತೆರೆದಾಗ ಹಳೆಯ ಗ್ರಾಹಕರನ್ನೆಲ್ಲ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಆರ್ಡರ್ ಕಡಿಮೆಯಾಗಲು ಎಷ್ಟೋ ಸಲ ಇದೇ ಕಾರಣ. ಮರುದಿನ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆಯಿರಿ. ತಲುಪಿದವರ, ಓದಿದವರ ಪಟ್ಟಿ ಎರಡರಲ್ಲೂ ಹೆಸರಿಲ್ಲದವರಿಗೆ ಪ್ರತ್ಯೇಕವಾಗಿ ಬರೆದು, ನಂಬರ್ ಉಳಿಸಿಕೊಳ್ಳಲು ಕೇಳಿಕೊಳ್ಳಿ.

ಸಂದೇಶ ಹೀಗಿರಲಿ: “ನಮಸ್ಕಾರ. ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಸಿದ್ಧವಾಗಿದೆ. ಮಿಡಿ ಉಪ್ಪಿನಲ್ಲಿ ಚೆನ್ನಾಗಿ ಚಿರುಟಿದೆ, ಖಾರ ಮಧ್ಯಮ, ಎಣ್ಣೆ ಹಾಕಿಲ್ಲ. ಅರ್ಧ ಕಿಲೋಗೆ 250 ರೂಪಾಯಿ, ಅಂಚೆ ವೆಚ್ಚ ಬೇರೆ. 40 ಬಾಟಲಿ ಮಾತ್ರ ಇವೆ. ಎಷ್ಟು ಬೇಕು, ಪಿನ್‌ಕೋಡ್ ಯಾವುದು ಎಂದು ಬರೆಯಿರಿ. ಸೋಮವಾರ ಕಳುಹಿಸುತ್ತೇನೆ. ಇಂಥ ಸಂದೇಶ ಬೇಡವಾದರೆ ತಿಳಿಸಿ.”

ದರವನ್ನು ನಿಮ್ಮ ಲೆಕ್ಕಕ್ಕೆ ಬದಲಿಸಿಕೊಳ್ಳಿ. ಎಣ್ಣೆ, ಖಾರದ ವಿಷಯವನ್ನು ಮಾತ್ರ ಬಿಡಬೇಡಿ; ದೂರದ ಊರಿನವರು ಮೊದಲು ಕೇಳುವುದೇ ಅದನ್ನು. ಮುಚ್ಚಿದ ಬಾಟಲಿಯ ಬದಲು, ತಟ್ಟೆಗೆ ತೆಗೆದ ಮಿಡಿ ಮತ್ತು ರಸ ಕಾಣುವ ಒಂದೇ ಫೋಟೋ ಹಾಕಿ.