ಫ್ರೀ ಟ್ರಯಲ್ ಬುಕ್ ಮಾಡೋ ಮುಂಚೆ ಟೈಮ್‌ಟೇಬಲ್ ನೋಡಿ

ಯೋಗ ಕ್ಲಾಸ್‌ಗೆ ಫ್ರೀ ಟ್ರಯಲ್ ಬುಕ್ ಮಾಡುವಾಗ ನೀವು ದಿನಾ ಹೋಗೋ ಸಮಯವನ್ನೇ ಆರಿಸಿಕೊಳ್ಳಿ. ನಾನು ಭಾನುವಾರ ಹನ್ನೊಂದಕ್ಕೆ ಹೋಗಿದ್ದೆ, ಇದ್ದದ್ದೇ ಐದು ಜನ, ಟೀಚರ್ ಪಕ್ಕದಲ್ಲೇ ನಿಂತು ಭುಜ ಸರಿಮಾಡಿದರು, ಖುಷಿಯಾಗಿ 3 ತಿಂಗಳಿಗೆ 4,500 ರೂಪಾಯಿ ಕಟ್ಟಿಬಿಟ್ಟೆ. ಸೋಮವಾರ ಸಂಜೆ ಏಳಕ್ಕೆ ಹೋದರೆ ಮ್ಯಾಟ್‌ಗೆ ಮ್ಯಾಟ್ ತಾಗುತ್ತಿತ್ತು, ಟೀಚರ್ ಕೂಡ ಬೇರೆ!

ಆಮೇಲೆ ಟೈಮ್‌ಟೇಬಲ್‌ನಲ್ಲಿ ನಿಮಗೆ ಆಗುವ ಕ್ಲಾಸ್ ಮಾತ್ರ ಎಣಿಸಿ. ‘ಅನ್‌ಲಿಮಿಟೆಡ್’ ಅಂತಿದ್ರೂ ಆಫೀಸ್ ಮುಗಿಸಿ ನನಗೆ ಸಿಗೋದು ವಾರಕ್ಕೆ ಎರಡೇ. 13 ವಾರಕ್ಕೆ 26 ಕ್ಲಾಸ್, ಒಂದಕ್ಕೆ ಸುಮಾರು 173 ರೂಪಾಯಿ ಬಿತ್ತು. ಅಲ್ಲೇ 10 ಕ್ಲಾಸ್‌ನ ಪ್ಯಾಕ್ 1,500ಕ್ಕೆ ಇತ್ತು, ಅಂದ್ರೆ 150, ನಾನು ನೋಡಿರಲೇ ಇಲ್ಲ. ಆದ್ರೆ ಪ್ಯಾಕ್ ಎಷ್ಟು ದಿನಕ್ಕೆ ಮುಗಿಯುತ್ತೆ, ಊರಿಗೆ ಹೋದಾಗ ಮೆಂಬರ್‌ಶಿಪ್ ನಿಲ್ಲಿಸಿಡಬಹುದಾ ಅಂತ ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.