ಲಾರಿಯಲ್ಲಿ ನೆನೆದ ಮೆಣಸಿನಕಾಯಿ: ವಿಮೆ ಕಂಪನಿ ದುಡ್ಡು ಕೊಟ್ಟ ಮೇಲೆ ಮುಂದೇನು?

ಜೂನ್ 10ರಂದು ಬ್ಯಾಡಗಿಯಿಂದ ಎರ್ನಾಕುಲಂಗೆ 40 ಕೆ.ಜಿ.ಯ 200 ಚೀಲ ಒಣಮೆಣಸಿನಕಾಯಿ ಬುಕ್ ಮಾಡಿದ್ದೀರಿ ಎಂದುಕೊಳ್ಳಿ. ಕೆ.ಜಿ.ಗೆ 250 ರೂಪಾಯಿಯಂತೆ 20 ಲಕ್ಷ ರೂಪಾಯಿಯ ಮಾಲು, ಬಾಡಿಗೆ 30 ಸಾವಿರ. ದಾರಿಯಲ್ಲಿ ಟಾರ್ಪಾಲು ಹರಿದು 60 ಚೀಲ ನೆನೆದವು. ನಿಮ್ಮದು ಐಟಿಸಿ-ಎ, ಅಂದರೆ ಹೆಚ್ಚಿನ ಅವಘಡಗಳಿಗೆಲ್ಲ ರಕ್ಷಣೆ ಕೊಡುವ ‘ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಸ್-ಎ’ ಷರತ್ತಿನ ಸಾಗಣೆ ವಿಮೆಯಾಗಿದ್ದರೆ ಮಾತ್ರ ಮುಂದಿನ ಮಾತು. ಐಟಿಸಿ-ಬಿ ಬೆಂಕಿ, ಡಿಕ್ಕಿ, ಲಾರಿ ಪಲ್ಟಿಯಂಥ ಕೆಲವೇ ಅವಘಡಗಳಿಗೆ ಸೀಮಿತ. ಮಳೆನೀರು ಅದರಲ್ಲಿ ಬರುವುದಿಲ್ಲ.

ಮೊದಲ ಕೆಲಸ ಮಾಲು ಇಳಿಸುವ ಜಾಗದಲ್ಲೇ ಆಗಬೇಕು. ಡ್ರೈವರ್ ಮುಂದೆ ಚಾಚುವ ಲಾರಿ ರಸೀದಿಯ ಪ್ರತಿಯ ಮೇಲೆ ‘60 ಚೀಲ ಒದ್ದೆ, ಟಾರ್ಪಾಲು ಹರಿದಿದೆ’ ಎಂದು ಬರೆದೇ ಸಹಿ ಹಾಕಬೇಕು. ಬರೀ ಸಹಿ ಬಿದ್ದರೆ ಮಾಲು ಸುಸ್ಥಿತಿಯಲ್ಲಿ ತಲುಪಿತು ಎಂದು ನೀವೇ ಒಪ್ಪಿದಂತೆ. ಟ್ರಾನ್ಸ್‌ಪೋರ್ಟಿನವರು ನಾಳೆ ಅದನ್ನೇ ಹಿಡಿದು ವಾದಿಸುತ್ತಾರೆ. ಅವರಿಂದ ಡ್ಯಾಮೇಜ್ ಸರ್ಟಿಫಿಕೇಟ್ ಕೇಳಿ, ಅದೇ ದಿನ ವಿಮೆ ಕಂಪನಿಗೆ ತಿಳಿಸಿ.

ನಷ್ಟ ಅಂದಾಜು ಮಾಡಲು ವಿಮೆ ಕಂಪನಿ ಕಳಿಸುವ ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬಾರದು ಎಂಬ ನಂಬಿಕೆ ತಪ್ಪು. ನೆನೆದ ಮೆಣಸಿನಕಾಯಿ ಚೀಲದೊಳಗೇ ಬಿಸಿಯಾಗಿ ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ತೊಟ್ಟಿನ ಬುಡದಲ್ಲಿ ಬಿಳಿ ನೂಲಿನಂಥದ್ದು ಕಂಡರೆ, ಮುಗ್ಗಲು ವಾಸನೆ ಬಂದರೆ ಬೆಲೆ ಹೋಯಿತೆಂದೇ ಲೆಕ್ಕ. ನಷ್ಟ ಬೆಳೆಯದಂತೆ ತಡೆಯುವುದು ನಿಮ್ಮ ಕರ್ತವ್ಯವೂ ಹೌದು. ಫೋಟೊ ತೆಗೆದು, ಒದ್ದೆ ಚೀಲಗಳನ್ನು ಬೇರೆ ಮಾಡಿ, ಎರಡು ಚೀಲ ಸರ್ವೇಯರ್ ನೋಡಲೆಂದು ಹಾಗೇ ಇಟ್ಟು ಉಳಿದದ್ದನ್ನು ಹರವಿ ಒಣಗಿಸಿ. ಕೂಲಿಯ ರಸೀದಿ ಇಟ್ಟುಕೊಳ್ಳಿ. ನ್ಯಾಯವಾದ ಖರ್ಚನ್ನು ಕ್ಲೇಮಿನಲ್ಲಿ ಕೇಳಬಹುದು.

ಹೀಗೆ ಕೆಟ್ಟರೂ ಅಷ್ಟಿಷ್ಟು ಬೆಲೆ ಉಳಿಸಿಕೊಂಡ ಮಾಲಿಗೆ ವಿಮೆಯವರು ಹೇಳುವುದು ಸಾಲ್ವೇಜ್. ಕೆಟ್ಟದ್ದಕ್ಕೆ ದುಡ್ಡೂ ಸಿಗಲಿ, ಮಾಲೂ ನಮಗೇ ಇರಲಿ ಎನ್ನುವಂತಿಲ್ಲ. ಸಾಮಾನ್ಯವಾಗಿ ಎರಡು ಮೂರು ವ್ಯಾಪಾರಿಗಳಿಂದ ದರ ಪಡೆದು ಸರ್ವೇಯರ್ ಸಾಲ್ವೇಜಿಗೆ ಒಂದು ಬೆಲೆ ಕಟ್ಟುತ್ತಾರೆ. ಆ ಬೆಲೆ ಕಳೆದು ದುಡ್ಡು ಕೊಟ್ಟರೆ ಮಾಲು ನಿಮ್ಮದೇ. ಪೂರ್ತಿ ನಷ್ಟವೆಂದು ಕೊಟ್ಟರೆ ಅದನ್ನು ಕಂಪನಿ ತೆಗೆದುಕೊಂಡು ಮಾರಬಹುದು. ಸರ್ವೇಯರಿಗೆ ಹೇಳದೆ ನೀವೇ ಮಾರಿದರೆ ಬೆಲೆಯ ಬಗ್ಗೆ ಜಗಳ ಖಚಿತ. ಬೂಸ್ಟು ಹಿಡಿದ ಕಾಯಿ ತಿನ್ನಲು ಯೋಗ್ಯವಲ್ಲ. ಅದನ್ನು ಪುಡಿಗೆ ಬೆರೆಸುವವರ ಕೈಗೆ ಕೊಡಲೇಬೇಡಿ. ಸರ್ವೇಯರ್ ಎದುರೇ ನಾಶ ಮಾಡಿಸಿ, ದಾಖಲೆ ಇಟ್ಟುಕೊಳ್ಳಿ.

ಈಗ ಲೆಕ್ಕ. ಒದ್ದೆಯಾದ 2,400 ಕೆ.ಜಿ.ಯ ಮೂಲ ಬೆಲೆ 6 ಲಕ್ಷ. ಒಣಗಿಸಿದ್ದರಿಂದ ಕೆ.ಜಿ.ಗೆ 50 ರೂಪಾಯಿಯಂತೆ ಸಾಲ್ವೇಜ್ 1.20 ಲಕ್ಷ. ಉಳಿದ ನಷ್ಟ 4.80 ಲಕ್ಷ. ಪಾಲಿಸಿಯಲ್ಲಿ ನಿಮ್ಮ ಪಾಲಿನ ಕಡಿತ 10 ಸಾವಿರವಿದ್ದರೆ ಕೈಗೆ ಬರುವುದು 4.70 ಲಕ್ಷ.

ದುಡ್ಡು ಕೊಡುವಾಗ ಕಂಪನಿ ನಿಮ್ಮಿಂದ ‘ಲೆಟರ್ ಆಫ್ ಸಬ್ರೊಗೇಷನ್’ ಬರೆಸಿಕೊಳ್ಳುತ್ತದೆ. ನಷ್ಟ ಮಾಡಿದವರ ಮೇಲೆ ನಿಮಗಿದ್ದ ಹಕ್ಕಿನಲ್ಲಿ, ನಿಮ್ಮ ಜಾಗದಲ್ಲಿ ನಿಂತು ಕಂಪನಿ ವಸೂಲಿಗೆ ಹೊರಡುತ್ತದೆ ಎಂಬುದು ಇದರ ಅರ್ಥ. ಇದು ನಿಮ್ಮ ಹಕ್ಕಿನ ಮೇಲೆಯೇ ನಿಂತಿರುವುದರಿಂದ ನೀವು ಬಿಟ್ಟುಕೊಟ್ಟದ್ದು ಕಂಪನಿಗೂ ಸಿಗುವುದಿಲ್ಲ. ‘ಬಾಡಿಗೆ ಬಿಟ್ಟುಬಿಡುತ್ತೇವೆ ಸಾರ್, ಇಲ್ಲಿಗೆ ಮುಗಿಸಿ’ ಎಂದ ಟ್ರಾನ್ಸ್‌ಪೋರ್ಟಿಗೆ 30 ಸಾವಿರದ ಆಸೆಯಿಂದ ‘ಬೇರೇನೂ ಬಾಕಿಯಿಲ್ಲ’ ಎಂದು ಬರೆದುಕೊಟ್ಟಿರೋ, ವಸೂಲಿಯ ದಾರಿ ಮುಚ್ಚಿತು. ಅದನ್ನೇ ಕಾರಣ ಮಾಡಿ ಕಂಪನಿ ನಿಮ್ಮ ಕ್ಲೇಮನ್ನೂ ಕಡಿತಗೊಳಿಸಬಹುದು.

ಹೆಚ್ಚಿನವರು ಎಡವುವುದು ನೋಟಿಸಿನಲ್ಲಿ. 2007ರ ರಸ್ತೆ ಸಾಗಣೆ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಟ್ರಾನ್ಸ್‌ಪೋರ್ಟಿಗೆ ಲಿಖಿತ ನೋಟಿಸ್ ತಲುಪದೆ ದಾವೆ ಹೂಡುವಂತಿಲ್ಲ. ಅದಕ್ಕಿರುವುದು 180 ದಿನ. ಎಣಿಕೆ ಶುರುವಾಗುವುದು ಮಾಲು ಬುಕ್ ಮಾಡಿದ ದಿನದಿಂದ, ಕ್ಲೇಮಿನ ದುಡ್ಡು ಬಂದ ದಿನದಿಂದಲ್ಲ. ನಿಮ್ಮ ಗಡುವು ಡಿಸೆಂಬರ್ 7. ಕ್ಲೇಮ್ ತೀರ್ಮಾನವಾಗಲಿ ಎಂದು ಕಾಯದೆ ಮೊದಲ ವಾರದಲ್ಲೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ಇಷ್ಟಾದರೂ ಕಂಪನಿಗೆ ಪೂರ್ತಿ ಹಣ ವಾಪಸ್ ಬರುವುದು ಕಷ್ಟ. ಹೆಚ್ಚಿನ ರಿಸ್ಕ್ ದರ ಕೊಟ್ಟು ಬುಕ್ ಮಾಡಿರದಿದ್ದರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ಇಲ್ಲಿ ಅದು 3 ಲಕ್ಷ.

ಹಾಗಾದರೆ ನಿಮ್ಮ 10 ಸಾವಿರ? ಅದರ ಉತ್ತರ ನೀವು ಸಹಿ ಹಾಕಿದ ಪತ್ರದಲ್ಲಿದೆ. ಬರೀ ಸಬ್ರೊಗೇಷನ್ ಆಗಿದ್ದರೆ, ಕಂಪನಿ ತಾನು ಕೊಟ್ಟದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ‘ಅಸೈನ್‌ಮೆಂಟ್’ ಎಂಬ ಪದವೂ ಸೇರಿದ್ದರೆ ಹಕ್ಕೇ ಕಂಪನಿಗೆ ವರ್ಗವಾಗುತ್ತದೆ. ಬಂದದ್ದೆಲ್ಲ ಅದರದೇ ಆಗಬಹುದು. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಸಹಿಗೆ ಮುಂಚೆ ಆ ಒಂದು ಪದ ಇದೆಯೇ ಎಂದು ಹುಡುಕಿ, ನಿಮ್ಮ ಪಾಲಿನ ಕಡಿತದ ಬಗ್ಗೆ ಒಂದು ಸಾಲು ಸೇರಿಸಲು ಕೇಳಿ. ಬರೀ ಸಬ್ರೊಗೇಷನ್ ಇದ್ದಾಗ ದಾವೆ ನಿಮ್ಮ ಹೆಸರಿನಲ್ಲೇ ನಡೆಯುತ್ತದೆ. ಸಾಕ್ಷಿ ಹೇಳಲು ಕರೆ ಬಂದಾಗ ಆ ಲಾರಿ ರಸೀದಿಯ ಮೂಲ ಪ್ರತಿ ನಿಮ್ಮ ಕೈಯಲ್ಲಿರಬೇಕು.