ಹಳೇ ಜಂತಿ ಮನೆಗೆ ಎಷ್ಟು ಲೀಟರ್ ಬಣ್ಣ? ನನ್ನ ಅನುಭವ

ಹೊಸ ಫ್ಲ್ಯಾಟಿನ ಖೋಲಿಗೆ ಎಷ್ಟು ಬಣ್ಣ ಬೇಕು ಅಂತ ನಮ್ಮಲ್ಲಿ ಯಾರು ಬೇಕಾದರೂ ಹೇಳ್ತಾರೆ. ಸುತ್ತಳತೆಗೆ ಎತ್ತರ ಗುಣಿಸಿ, ಬಾಗಿಲು ಕಿಟಕಿ ಕಳೆದು, ಎರಡು ಕೈಗೆ ಡಬ್ಬಿ ಮೇಲಿನ ಲೆಕ್ಕದಿಂದ ಭಾಗಿಸಿದರೆ ಮುಗೀತು. ಆದರೆ ಗದಗ-ಬೆಟಗೇರಿ, ಹಳೇ ಹುಬ್ಬಳ್ಳಿ ಕಡೆಯ ದಪ್ಪ ಗೋಡೆ ಮನೆಗಳಲ್ಲಿ ಈ ಲೆಕ್ಕ ಹಿಡಿದು ಹೋದವರು ಕೊನೇ ಗೋಡೆಗೆ ಬಂದಾಗ ಖಾಲಿ ಬಕೆಟ್ ಕೆರೆಯೋದನ್ನ ಎಷ್ಟೋ ಸಲ ನೋಡೀನಿ. ಅದಕ್ಕೆ ಹೆದರಿದವರು ಸೀದಾ 20 ಲೀಟರ್ ಬಕೆಟ್ ತರಿಸ್ತಾರೆ. ಮಷಿನ್‌ನಲ್ಲಿ ಬಣ್ಣ ಕಲಸಿದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳೋದಿಲ್ಲ. ಮಾಲು ಸಮೇತ ಗುತ್ತಿಗೆ ಹಿಡಿದವರಿಗೆ ಉಳಿದದ್ದೆಲ್ಲ ಲುಕ್ಸಾನು.

ಬೆಟಗೇರಿಯ ಒಂದು ಮನೆಯ ಪಡಸಾಲೆ ಲೆಕ್ಕ ಹೇಳ್ತೀನಿ. 18ಕ್ಕೆ 12 ಫೂಟು, ಜಂತಿ ಕೆಳಗೆ ಗೋಡೆ ಎತ್ತರ ಸುಮಾರು 10. ಸುತ್ತಳತೆ 60, ಅಂದರೆ ಗೋಡೆ 600 ಚದರ ಫೂಟು. ಮೇಲೆ ಜಂತಿಗೆ ವಾರ್ನಿಶ್, ಅದು ಬೇರೆ ಬಾಬತ್ತು. ತಲಬಾಗಿಲು 23 ಚದರ ಫೂಟು, ಒಳಬಾಗಿಲು ಎರಡು ಸೇರಿ 36, ಮೂರಕ್ಕೆ ನಾಲ್ಕರ ಕಿಟಕಿ ಎರಡು ಸೇರಿ 24. ಒಟ್ಟು 83 ಕಳೆದರೆ 517. ಮನೆಯವರ ಮಗ ಬೆಂಗಳೂರಿನಿಂದ ಫೋನಿನಲ್ಲೇ ಲೆಕ್ಕ ಹಾಕಿದ. ಲೀಟರಿಗೆ 140, ಎರಡು ಕೈಗೆ ಏಳೂವರೆ ಲೀಟರ್, ಎಂಟು ತಂದರೆ ಸಾಕು ಅಂದ. ನನಗಿಂತ ಮೊದಲು ನೋಡಿಹೋದ ಗುತ್ತಿಗೆದಾರ ಕಣ್ಣಳತೆಯಲ್ಲಿ 20 ಅಂದಿದ್ದ.

ಇಬ್ಬರೂ ಗೋಡೆಯ ದಪ್ಪ ನೋಡಿರಲಿಲ್ಲ. ಅಲ್ಲಿ ಗೋಡೆ ಒಂದೂವರೆ ಫೂಟು. ಕಿಟಕಿ ಚೌಕಟ್ಟು ಹೊರಬಾಜಿಗೆ ಕೂತಿದೆ, ಹೀಗಾಗಿ ಒಳಗಡೆ ನಾಲ್ಕೂ ಬಾಜು ಒಂದೂಕಾಲು ಫೂಟು ಆಳ ಗಿಲಾವ್ ಇದೆ. ಅದಕ್ಕೂ ಬಣ್ಣ ಹಚ್ಚಬೇಕಲ್ಲ! ಕಿಟಕಿಯ ಸುತ್ತು 14 ಫೂಟು. ಒಂದೂಕಾಲಿನಿಂದ ಗುಣಿಸಿದರೆ ಹದಿನೇಳೂವರೆ, ಎರಡು ಕಿಟಕಿಗೆ 35. ಒಂದು ಕಿಟಕಿಗೆ ಅಂತ ನಾವು ಕಳೆದದ್ದು ಬರೀ 12. ಕಳೆಯಬೇಕಾದ ಜಾಗದಲ್ಲಿ ಕೂಡಿಸಬೇಕಾಯ್ತು ನೋಡ್ರಿ. ತಲಬಾಗಿಲಿನ ಎರಡು ಬಾಜು ಮತ್ತು ಮೇಲಿನ ತಳಕ್ಕೆ 20. ಒಳಬಾಗಿಲುಗಳಲ್ಲಿ ಒಂದರ ದಪ್ಪ ಪಡಸಾಲೆ ಕಡೆಗೆ ಬರುತ್ತದೆ, ಅದಕ್ಕೆ 19. ಇನ್ನೊಂದರ ಚೌಕಟ್ಟು ಈ ಕಡೆ ಗೋಡೆಗೆ ಸಮ ಇದೆ. ಅದರ ದಪ್ಪ ಅಡಿಗೆಮನೆ ಲೆಕ್ಕಕ್ಕೆ ಹೋಯ್ತು. ಎರಡೂ ಕಡೆ ಹಿಡಿದು ಡಬಲ್ ಮಾಡೋರೂ ಇದ್ದಾರೆ.

ಇನ್ನು ಮಾಡಗಳು. ದೀಪ ಇಡೋದು, ಪುಸ್ತಕ ಇಡೋದು ಅಂತ ಐದು ಮಾಡ. ಹಿಂಬದಿ ಗೋಡೆ ಅಳತೆಯಲ್ಲೇ ಬಂದಿರುತ್ತದೆ, ಆದರೆ ನಾಲ್ಕು ಒಳಬಾಜು ಬಂದಿರೋದಿಲ್ಲ. ಒಂದೂವರೆಗೆ ಎರಡು ಫೂಟಿನ ಮಾಡ, ಒಂಬತ್ತು ಇಂಚು ಆಳ ಇದ್ದರೆ ಐದು ಚದರ ಫೂಟಿನ ಮೇಲೆ. ಐದಕ್ಕೆ 26 ಆಯ್ತು. ಹೀಗೆ ಸೇರಿಸಿದ್ದು ಎಲ್ಲ ಕೂಡಿ 100. 517ಕ್ಕೆ ಕೂಡಿಸಿದರೆ 617, ಅಂದರೆ ಏನೂ ಕಳೆಯದ ಗೋಡೆಗಿಂತಲೂ ಹೆಚ್ಚು. ಇದನ್ನ ಹೇಳಿದಾಗ ನನ್ನ ಜೋಡಿ ಕೆಲಸ ಮಾಡೋ ಹಿರಿಯರು ನಕ್ಕರು. "ಬಾಗಲಾ ಕಿಡಕಿ ತಗದ ಮ್ಯಾಲೆ ಗ್ವಾಡಿ ಬೆಳೀತದೇನೋ ತಮ್ಮಾ?" ಅಂದರು.

ಸರಕಾರಿ ಕಟ್ಟಡದ ಬಿಲ್ಲಿಗೆ ಈ ಅಳತೆ ನಡೆಯೋದಿಲ್ಲ, ಅದು ಗೊತ್ತಿರಲಿ. ಅಲ್ಲಿ IS 1200 ಅನ್ನೋ ಅಳತೆ ನಿಯಮದ ಪ್ರಕಾರ ಅರ್ಧ ಚದರ ಮೀಟರ್ ತನಕದ ಸಣ್ಣ ತೆರಪು ಕಳೆಯೋದಿಲ್ಲ, ಅದರ ಒಳಬಾಜು ಕೂಡಿಸೋದೂ ಇಲ್ಲ. ಅದು ದುಡ್ಡಿನ ಅಳತೆ. ಬಣ್ಣ ತರೋದಕ್ಕೆ ಬ್ರಶ್ ಎಲ್ಲೆಲ್ಲಿ ಓಡುತ್ತದೋ ಅಲ್ಲೆಲ್ಲ ಟೇಪ್ ಹಿಡಿಯಬೇಕು.

ಎರಡನೇ ಪೆಟ್ಟು ಲೀಟರಿನದ್ದು. ಡಬ್ಬಿ ಮೇಲಿನ ಅಂಕಿ ನುಣುಪು ಗೋಡೆಯದು. ಅದೂ ಒಂದು ಕೈಗೋ ಎರಡು ಕೈಗೋ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕಂಪನಿಗೊಂದು ತರ. ವರ್ಷಾನುಗಟ್ಟಲೆ ಸುಣ್ಣ ಉಂಡ ಗೋಡೆ, ಕೆರೆದು ಪುಟ್ಟಿ ಪ್ರೈಮರ್ ಹಚ್ಚಿದರೂ ಕುಡಿಯೋದನ್ನ ಬಿಡೋದಿಲ್ಲ. ಅದಕ್ಕೆ ನಾನು ಮೊದಲು ಆ ಶೇಡಿನ ಒಂದೇ ಲೀಟರ್ ತರಿಸ್ತೀನಿ. 400 ಮಿಲಿ ನೀರು ಕಲಸಿ, ರೋಲರ್ ಒಮ್ಮೆ ಚೆನ್ನಾಗಿ ನೆನೆಸಿ, ರೋಲರ್ ಸಮೇತ ಬಕೆಟ್ಟನ್ನ ಅಡಿಗೆಮನೆ ತಕ್ಕಡಿ ಮೇಲೆ ಇಡ್ತೀನಿ. ಹತ್ತು ಫೂಟು ಉದ್ದ, ಐದು ಫೂಟು ಎತ್ತರ ಪೆನ್ಸಿಲ್ ಗೆರೆ ಹಾಕಿ ಅಷ್ಟೇ ಜಾಗ ಹಚ್ಚಿ ಮತ್ತೆ ತೂಗೋದು. ಬಕೆಟ್ ರೋಲರ್ ಬಿಟ್ಟು ಕಲಸಿದ ಬಣ್ಣ ಮೊದಲು ಸುಮಾರು ಒಂದೂಮುಕ್ಕಾಲು ಕಿಲೊ ಇತ್ತು. ಮೊದಲ ಕೈಗೆ ಹೆಚ್ಚುಕಡಿಮೆ ಅರ್ಧ ಹೋಯ್ತು, ಅಂದರೆ ಅರ್ಧ ಲೀಟರ್ ಅಸಲು ಬಣ್ಣ. ಒಣಗಿದ ಮೇಲೆ ಎರಡನೇ ಕೈಗೆ 700 ಗ್ರಾಂ, ಅಸಲು 400 ಮಿಲಿ. ಮೊದಲ ಕೈಗೆ ಲೀಟರಿಗೆ 100, ಎರಡನೆಯದಕ್ಕೆ 125 ಚದರ ಫೂಟು ಬಿತ್ತು. ನೀರು ಕಲಸಿದ್ದನ್ನೇ ಲೀಟರ್ ಅಂತ ಎಣಿಸಿದರೆ ಅದೇ 71, 89 ಅಂತ ಕಡಿಮೆ ಕಾಣುತ್ತದೆ. ಎಷ್ಟೋ ಮಂದಿಯ ಲೆಕ್ಕ ತಪ್ಪೋದು ಅಲ್ಲೇ.

50 ಚದರ ಫೂಟಿಗೆ ಎರಡು ಕೈ ಸೇರಿ 900 ಮಿಲಿ ಆದರೆ 617ಕ್ಕೆ 11 ಲೀಟರಿನ ಮೇಲೆ ಸ್ವಲ್ಪ. ರೋಲರ್, ಬಕೆಟ್ಟಿನ ತಳ ನುಂಗೋದಕ್ಕೆ ಅರ್ಧ ಲೀಟರ್. ಮೊದಲಿನ ಒಂದರ ಜೊತೆಗೆ ಹತ್ತರ ಡಬ್ಬಿ ಒಂದು, ಲೀಟರಿನದು ಇನ್ನೊಂದು ತಂದು ಮೂರನ್ನೂ ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿದೆ. ಇಲ್ಲದಿದ್ದರೆ ಮಷಿನ್ ಒಂದೊಂದು ಸಲ ಒಂದೊಂದು ತರ ಕೊಟ್ಟು, ಎರಡು ಡಬ್ಬಿ ಕೂಡಿದ ಕಡೆ ಗೋಡೆ ಮೇಲೆ ಗೆರೆ ಕಾಣುತ್ತದೆ. ಕೊನೆಗೆ ಅರ್ಧ ಲೀಟರಿಗೂ ಕಡಿಮೆ ಉಳೀತು. ಲೀಟರಿಗೆ ಸುಮಾರು 350 ಹಿಡಿದರೂ 20ರ ಬಕೆಟ್ ತರಿಸಿದ್ದರೆ ಎರಡೂವರೆ ಮೂರು ಸಾವಿರ ಮೂಲೆ ಸೇರ್ತಿತ್ತು. ಮಾಡಕ್ಕೆ ನಕ್ಕಿದ್ದ ಹಿರಿಯರು ಈಗ ಟೇಪ್ ಹಿಡಿಯೋದು ನನ್ನ ಕೈಗೇ ಬಿಡ್ತಾರೆ.

ಪೆನ್ಸಿಲ್ ಗೆರೆ ಯಾವ ಗೋಡೆ ಮೇಲೆ ಹಾಕಬೇಕು ಅನ್ನೋದು ದೊಡ್ಡ ಮಾತು. ತಪ್ಪು ಗೋಡೆ ಆರಿಸಿದರೆ ಎರಡು ಲೀಟರ್ ಆ ಕಡೆ ಈ ಕಡೆ ಆಗುತ್ತದೆ. ನಾನು ಹೇಗೆ ಆರಿಸ್ತೀನಿ ಅಂತ ಇಲ್ಲಿ ಬರೆಯೋದಿಲ್ಲ, ಹೊಟ್ಟೆಪಾಡು. ನೆಲದಿಂದ ಎರಡು ಫೂಟಿನ ಒಳಗೆ ಮಾತ್ರ ಹಾಕಬೇಡಿ ಅಂತಷ್ಟೇ ಹೇಳ್ತೀನಿ.

ಅದೇ ಮನೆಯಲ್ಲಿ ಒಂದು ಗೋಡೆಗೆ ಕುಂಕುಮ ಕೆಂಪು ಬೇಕು ಅಂದರು. ಕಡು ಕೆಂಪು, ಕಡು ಹಳದಿ ಬಣ್ಣಗಳು ಬಿಳಿ ಪ್ರೈಮರ್ ಮೇಲೆ ಎರಡು ಕೈಗೆ ಮುಚ್ಚೋದಿಲ್ಲ, ಮೂರನೇ ಕೈ ಬೇಡುತ್ತವೆ. ಪ್ರೈಮರಿಗೇ ಸ್ವಲ್ಪ ಸ್ಟೇನರ್ ಹಾಕಿ ಕಂದು ಮಾಡಿ ಹಚ್ಚಿ ನೋಡಿದೆ. ಎರಡೇ ಕೈಗೆ ಮುಚ್ಚಿತು. ಆ ಶೇಡಿನ ದರಕ್ಕೆ ಒಂದು ಕೈ ಉಳಿದದ್ದೇ ದೊಡ್ಡದು. ಉದ್ದ ಕೂದಲಿನ ರೋಲರನ್ನೂ ಒಮ್ಮೆ ಹಿಡಿದು ನೋಡಿದೆ. ಕೆಲಸ ಬೇಗ ಸಾಗಿತು, ಆದರೆ ತಕ್ಕಡಿ ಮೇಲೆ ಬಣ್ಣ ಹೆಚ್ಚು ಹೋದದ್ದು ಕಂಡಿತು. ಒಳಗೋಡೆಗೆ ಅದನ್ನ ಬಿಟ್ಟೆ.

ಧಾರವಾಡದ ಮಳೆಗಾಲದಲ್ಲಿ ತೇವ ಹಿಡಿದ ಗೋಡೆ ಮೇಲೆ ಈ ಪರೀಕ್ಷೆ ಮಾಡಬೇಡಿ. ಒದ್ದೆ ಗೋಡೆ ಬಣ್ಣ ಕುಡಿಯೋದಿಲ್ಲ, ಅಂಕಿ ಚೆಂದ ಬರುತ್ತದೆ. ದೀಪಾವಳಿ ಹೊತ್ತಿಗೆ ಸಿಪ್ಪೆ ಏಳುತ್ತದೆ.